ತಡವರಿಕೆ ತೆಗೀಬ್ಯಾಡ್ರಿ, ಅದರ ಜಾಗ ಬದಲಿಸ್ರಿ



ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರುಸೊತ್ತು ಇದ್ದಾಗ ಓದ್ರಿ. ಮೊದಲು ನನ್ನ ಒಂದು ತಪ್ಪು ಒಪ್ಪಿಕೊಂಡು ಶುರು ಮಾಡ್ತೀನಿ.

ಮಸ್ಕಿ ತಾಲ್ಲೂಕಿನ ಒಂದು ಊರಾಗ ನಮ್ಮ ಕೇರಿಗೆ ಸ್ಮಶಾನ ಇಲ್ಲ. ಹೆಣ ಹೊತ್ತು ಬೇರೆಯವರ ಗದ್ದೆ ದಾಟಿ ಹಳ್ಳದ ದಂಡಿಗೆ ಹೋಗಬೇಕು. ಒಂದು ಸಲ ದಾರಿಗೆ ಮುಳ್ಳಿನ ಬೇಲಿ ಹಚ್ಚಿಬಿಟ್ಟರು. ಆ ವಿಷಯ ಹೇಳೋಕೆ ಒಂದು ಸರ್ಕಾರಿ ಸಭೆಯಲ್ಲಿ ಅವಕಾಶ ಸಿಕ್ಕಿತು. ಯಾವ ಕಚೇರಿ, ಯಾವ ಸಾಹೇಬ್ರು ಅನ್ನೋದು ಇಲ್ಲಿ ಬೇಡ. ಆ ದಿನ ಹೆಣ ಹೊತ್ತ ಮನೆಯ ಸೊಸೆ, ನಮ್ಮ ಅಕ್ಕ ಒಬ್ಬರು ಮಾತಾಡೋದು ಅಂತ ಆಯ್ತು. ನಾನು ಕಚೇರಿ ಗುಮಾಸ್ತ, ಅರ್ಜಿ ಬರೆಯೋದು ನನಗೆ ಉಸಿರಾಡಿದಷ್ಟು ಸಲೀಸು. ಅರ್ಧ ತಾಸಿನಲ್ಲಿ ಒಂದು ಪುಟ ಬರೆದುಕೊಟ್ಟೆ. ಅಕ್ಕ ನಾಲ್ಕು ದಿನ ಕೂತು ಮಗಳ ಕಡೆ ಓದಿಸ್ಕೊಂಡು ಬಾಯಿಪಾಠ ಮಾಡಿದರು.

ನಾನು ಬರೆದ ಮೊದಲ ವಾಕ್ಯ ಹಿಂಗಿತ್ತು: "ಸನ್ಮಾನ್ಯ ಅಧ್ಯಕ್ಷರೇ, ನಮ್ಮ ಗ್ರಾಮದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಅರವತ್ತು ಕುಟುಂಬಗಳು ಬಹುಕಾಲದಿಂದ ವಾಸಿಸುತ್ತಿದ್ದು, ಶವಸಂಸ್ಕಾರಕ್ಕೆ ಸೂಕ್ತ ಸ್ಥಳಾವಕಾಶ ಇಲ್ಲದಿರುವ ಕಾರಣ ತೀವ್ರ ತೊಂದರೆಯನ್ನು ಅನುಭವಿಸುತ್ತಿರುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ."

ಅಕ್ಕ ಎದ್ದು ನಿಂತರು. "ಸ್ಥಳಾವಕಾಶ ಇಲ್ಲದಿರುವ ಕಾರಣ" ಅನ್ನೋ ತನಕ ಒಂದೇ ಉಸಿರಿನಲ್ಲಿ ಬಂತು. ಅಲ್ಲಿ ನಿಂತಿತು. ನಾಲ್ಕು ಸೆಕೆಂಡು, ಐದು ಸೆಕೆಂಡು. ಆಮೇಲೆ ಅವರು ಮಾಡಿದ್ದು ಏನು ಗೊತ್ತೇನ್ರಿ? "ಸನ್ಮಾನ್ಯ ಅಧ್ಯಕ್ಷರೇ" ಅಂತ ಮತ್ತೆ ಮೊದಲಿಂದ ಶುರು ಮಾಡಿದರು. ಕುರ್ಚಿ ಮೇಲಿದ್ದವರು ನಕ್ಕು ಕೇಳಿದರು, "ಯಾರಮ್ಮಾ ಬರೆದುಕೊಟ್ಟದ್ದು?" ಎಲ್ಲರೂ ನನ್ನ ಕಡೆ ತಿರುಗಿದರು. ಸ್ಮಶಾನದ ಮಾತು ಅಲ್ಲಿಗೇ ಮುಗೀತು. ಅವರ ಕಣ್ಣಲ್ಲಿ ಅದು ಅಕ್ಕನ ಮನೆಯ ಸಾವು ಆಗಿರಲಿಲ್ಲ, ನನ್ನ ಸಂಘಟನೆಯ ಸ್ಕ್ರಿಪ್ಟ್ ಆಗಿಬಿಟ್ಟಿತ್ತು.

ಅವತ್ತಿಂದ ನಾನು ಒಂದು ವಿಷಯದ ಬೆನ್ನು ಹತ್ತಿದ್ದೀನಿ. ಮಾತು "ಬಾಯಿಪಾಠ" ಅಂತ ಕೇಳೋರಿಗೆ ಎಲ್ಲಿಂದ ಗೊತ್ತಾಗ್ತದ? ತಡವರಿಸಿದ್ದಕ್ಕ? ಅಲ್ಲ. ತಡವರಿಸದೇ ಮಾತಾಡೋ ಮನುಷ್ಯ ಈ ಭೂಮಿ ಮೇಲಿಲ್ಲ. ತಡವರಿಕೆ ತಪ್ಪು ಜಾಗದಲ್ಲಿ ಬಿದ್ದರೆ ಬಾಯಿಪಾಠ ಅನ್ನಿಸ್ತದ, ಸರಿಯಾದ ಜಾಗದಲ್ಲಿ ಬಿದ್ದರೆ ನಿರರ್ಗಳ ಅನ್ನಿಸ್ತದ. ನನ್ನ ವಾದ ಇಷ್ಟೇ. ನಮ್ಮ ಚಳವಳಿಯವರು ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಭಾಷಣ ಕಲಿಸುವಾಗ ತಡವರಿಕೆ ಅಳಿಸೋಕೆ ಹೋಗ್ತೀವಿ. ಅಳಿಸಬಾರದು. ಅದರ ಜಾಗ ಬದಲಿಸಬೇಕು.

ಸಭೆ ಮುಗಿದ ಮೇಲೆ ಒಂದು ದಿನ ಅಕ್ಕನ ಮನೆ ಕಟ್ಟೆ ಮೇಲೆ ಕೂತು, "ಅಕ್ಕಾ, ಆ ದಿನ ಏನಾಯ್ತು ಹೇಳ್ರಿ" ಅಂದೆ. ಅವರ ಒಪ್ಪಿಗೆ ತಗೊಂಡೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಅವರು ಹೇಳಿದ್ದು ಹಿಂಗ:

"ಅತ್ತಿ ಸತ್ತದ್ದು ಮಂಗಳವಾರ ತಮ್ಮಾ... ಅಲ್ಲ, ಬುಧವಾರ. ಸಂತಿ ದಿನ ಇತ್ತು, ನಾ ಸಂತಿಗೆ ಹೊಂಟಿದ್ದೆ. ಹೊತ್ತು ಮುಣುಗೂದ್ರಾಗ ಮಣ್ಣು ಮಾಡಬೇಕು ಅಂತ ಎತ್ತಿದ್ವಿ. ಅಲ್ಲಿಗೆ ಹೋದ್ರಾ... ಏನಂತಾರ ಅದಕ್ಕ... ಜಾಲಿ ಮುಳ್ಳು, ಜಾಲಿ ಮುಳ್ಳಿನ ಬೇಲಿ ಹಚ್ಚಿದ್ರು. ಹೆಣ ಹೆಗಲ ಮ್ಯಾಲ ಐತಿ, ಬೇಲಿ ಮುಂದ ಐತಿ. ಎರಡು ತಾಸು... ಎರಡಲ್ಲ, ಹತ್ರ ಹತ್ರ ಮೂರು ತಾಸು ನಿಂತಿವಿ."

ಇಷ್ಟರಲ್ಲಿ ಎರಡು ಸಲ ತಿದ್ದಿಕೊಂಡಾರ, ಒಂದು ಸಲ ಪದ ಹುಡುಕ್ಯಾರ, ಒಂದು ಪದ ಎರಡು ಸಲ ಅಂದಾರ. ಪರೀಕ್ಷೆ ಪೇಪರ್ ಆಗಿದ್ದರೆ ನಾಲ್ಕು ಕೆಂಪು ಗೆರೆ. ಆದರೆ ಇದನ್ನ ಕೇಳಿ ಯಾರಾದರೂ "ಯಾರು ಬರೆದುಕೊಟ್ಟದ್ದು" ಅಂತಾರೇನು? ಸಾಧ್ಯವೇ ಇಲ್ಲ. ಆ ರೆಕಾರ್ಡಿಂಗ್‌ನ್ನ ಹತ್ತು ಸಲ ಕೇಳಿ ನಾನು ಕಲಿತದ್ದನ್ನೇ ಕೆಳಗೆ ಬರೀತಾ ಇದ್ದೀನಿ.

ಮೊದಲನೇದು, ನಿಲ್ಲೋದು.

ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರ್ತದ. ನಾನು ಬರೆದುಕೊಟ್ಟ ವಾಕ್ಯದಲ್ಲಿ "ವಾಸಿಸುತ್ತಿದ್ದು", "ಇಲ್ಲದಿರುವ ಕಾರಣ", "ಅನುಭವಿಸುತ್ತಿರುವುದನ್ನು" ಎಲ್ಲಾ ದಾಟಿ ಕೊನೆಗೆ "ತರಬಯಸುತ್ತೇನೆ" ಬರೋ ತನಕ ಮಾತು ಕೆಳಗೆ ಇಳಿಯೋದೇ ಇಲ್ಲ. ಕಾಗದದ ಮೇಲೆ ಇದು ನಡೀತದ, ಕಣ್ಣು ಹಿಂದಕ್ಕೆ ಹೋಗಿ ಬರಬಹುದು. ಬಾಯಲ್ಲಿ ಇದು ತಲೆ ಮೇಲೆ ಐದು ಕೊಡ ಹೊತ್ತಂಗ. ನಡುವೆ ಒಂದು ಜಾರಿದರೆ ಎಲ್ಲಾ ಬೀಳ್ತಾವ. ಅದಕ್ಕೇ ಅಕ್ಕ ಮೊದಲಿಂದ ಶುರು ಮಾಡಬೇಕಾಯ್ತು. ನಡುವೆ ಹಿಡಿಯೋಕೆ ಕೊಂಬೆನೇ ಇರಲಿಲ್ಲ.

ಕಟ್ಟೆ ಮೇಲಿನ ಮಾತಿನಲ್ಲಿ ನೋಡ್ರಿ. "ಬುಧವಾರ." "ಸಂತಿ ದಿನ ಇತ್ತು." "ಎತ್ತಿದ್ವಿ." ಪ್ರತಿ ನಾಲ್ಕೈದು ಪದಕ್ಕೆ ಒಂದು ವಾಕ್ಯ ಮುಗೀತದ. ಎಲ್ಲಿ ನಿಂತರೂ ಅದು ಮುಗಿದ ಮಾತೇ. ಅಲ್ಲಿ ಎರಡು ಸೆಕೆಂಡು ಸುಮ್ಮನಾದರೆ ಕೇಳೋರಿಗೆ "ಮರೆತರು" ಅನ್ನಿಸೋದಿಲ್ಲ, "ನೆನಪು ಮಾಡ್ಕೊಳ್ತಾರ" ಅನ್ನಿಸ್ತದ.

ವಾಕ್ಯದ ನಡುವೆ ನಿಲ್ಲಬೇಕಾಗಿ ಬಂದರೂ ನಮ್ಮ ಭಾಷೆಯಲ್ಲಿ ಅದಕ್ಕೆ ಕಟ್ಟೆ ಕಟ್ಟಿಟ್ಟಾರ. "ಹೋದ್ರಾ...", "ಎತ್ಕೊಂಡೂ...", "ಮಣ್ಣು ಮಾಡಬೇಕು ಅಂತಾ..." ಇಂಥಾ ಪದದ ಕೊನೆಯ ಸ್ವರ ಎಳೆದು ನಿಂತರೆ, ಮುಂದೆ ಇನ್ನೂ ಐತಿ ಅಂತ ಕೇಳೋರಿಗೆ ತಾನೇ ಗೊತ್ತಾಗ್ತದ. ನಮ್ಮ ಅಜ್ಜಿಯರು ಕಥಿ ಹೇಳುವಾಗ ಇದನ್ನೇ ಮಾಡ್ತಿದ್ದರು. ನಿಲ್ಲಬಾರದ ಜಾಗಗಳೂ ಅದಾವ. ಅಂಕಿ ಹೇಳಿ, ಅದರ ವಸ್ತು ಹೇಳೋದರೊಳಗೆ ನಿಲ್ಲಬಾರದು. "ಅರವತ್ತು... ಕುಟುಂಬಗಳು" ಅಂದರೆ ಅಂಕಿ ಉರು ಹೊಡೆದಂಗ ಕೇಳ್ತದ. "ಅರವತ್ತು ಮನಿ..." ಅಂದು ಆಮೇಲೆ ನಿಲ್ರಿ. ಹಂಗೇ "ಬೇಲಿಯ ಸಲುವಾಗಿ" ಅನ್ನೋದನ್ನ "ಬೇಲಿಯ... ಸಲುವಾಗಿ" ಅಂತ ಕಡೀಬಾರದು. ಬಾಯಿಪಾಠದವರು ಬಹಳ ಮಂದಿ ಇಲ್ಲೇ ಸಿಕ್ಕಿಬೀಳ್ತಾರ. ಯಾಕಂದ್ರ ಅವರು ನಿಲ್ಲೋದು ಅರ್ಥ ಮುಗಿದಲ್ಲಿ ಅಲ್ಲ, ಕಾಗದದಲ್ಲಿ ಸಾಲು ಮುಗಿದಲ್ಲಿ.

ಇನ್ನೊಂದು ಗುರುತು ಐತಿ. ಉರು ಹೊಡೆದ ಮಾತಿನಲ್ಲಿ ನಿಲುಗಡೆಗಳು ಗಡಿಯಾರದಂಗ ಒಂದೇ ಅಂತರಕ್ಕೆ ಬರ್ತಾವ. ನಿಜವಾದ ಮಾತಿನಲ್ಲಿ ಗೊತ್ತಿರೋದು ಸರಸರ ಹೋಗ್ತದ, ದಿನ, ಹೆಸರು, ಅಂಕಿ ಬಂದಾಗ ನಿಧಾನ ಆಗ್ತದ. ಸಿಂಧನೂರಿಂದ ಮಸ್ಕಿ ಮೇಲೆ ಲಿಂಗಸೂಗೂರಿಗೆ ಹೋಗೋ ಬಸ್ಸಿನಂಗ. ಬಯಲಲ್ಲಿ ಜೋರು, ಊರು ಬಂದಲ್ಲಿ ನಿಧಾನ.

ಎರಡನೇದು, ತುಂಬುಪದಗಳು. ಅಂದರೆ "ಆಂ", "ಅಂದ್ರೆ", "ಏನಂತಾರ", "ಮತ್ತ" ಇಂಥವು.

ಇದರಲ್ಲಿ ದೊಡ್ಡ ಅಪರಾಧಿ ನಾನೇ. ಒಂದು ಏಪ್ರಿಲ್ 14ರ ಕಾರ್ಯಕ್ರಮದಲ್ಲಿ ನಾನು ಹತ್ತು ನಿಮಿಷ ಮಾತಾಡಿದ ವಿಡಿಯೋ ಹಾಕಿಕೊಂಡು ಪೆನ್ನು ಹಿಡಿದು ಎಣಿಸಿದೆ. "ಬಂಧುಗಳೇ" 31 ಸಲ. "ಈ ಸಂದರ್ಭದಲ್ಲಿ ಹೇಳಬಯಸುತ್ತೇನೆ" 9 ಸಲ. "ಆಂ" ಬರೀ 6 ಸಲ. ನಾನು "ಆಂ" ಅನ್ನೋದಿಲ್ಲ ಅಂತ ಮೀಸೆ ತಿರುವ್ತಿದ್ದೆ. ಆದರೆ ಮುಂದೆ ಏನು ಹೇಳಬೇಕು ಅಂತ ತಿಳೀದಾಗೆಲ್ಲಾ ನಾನು "ಬಂಧುಗಳೇ" ಅಂದಿದ್ದೆ. ಅದು ನನ್ನ "ಆಂ". ನಮ್ಮ ವೇದಿಕೆ ಮೇಲಿನ ಬಹಳ ಗೌರವದ ಪದಗಳೇ ನಮ್ಮ ತುಂಬುಪದ ಆಗ್ಯಾವ. ಕೇಳೋರಿಗೆ ಇದೇ ಹೆಚ್ಚು ಬಾಯಿಪಾಠ ಅನ್ನಿಸ್ತದ. ಯಾಕಂದ್ರ ಮನೆಯಲ್ಲಿ, ಹೋಟೆಲಲ್ಲಿ ಯಾರೂ ಹಂಗೆ ಮಾತಾಡೋದಿಲ್ಲ.

ಹಂಗಂತ ತುಂಬುಪದ ಎಲ್ಲಾ ಕಿತ್ತು ಹಾಕಬೇಕು ಅಂತಲ್ಲ. ಪರಿಚಯದ ಮೇಷ್ಟ್ರು ಒಬ್ಬರು ಹೇಳಿದರು: 2002ರಲ್ಲಿ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಅನ್ನೋ ಸಂಶೋಧಕರು ಇಂಗ್ಲಿಷ್ ಮಾತಿನ ರೆಕಾರ್ಡಿಂಗ್‌ಗಳನ್ನ ನೋಡಿ, ಅವರ "ಅ" ಮತ್ತು "ಅಂ" ಸುಮ್ಮನೆ ಬರೋ ಸದ್ದಲ್ಲ, ಅವು ಸೂಚನೆ ಅಂತ ವಾದ ಮಾಡ್ಯಾರಂತ. ಒಂದು "ಸ್ವಲ್ಪ ತಡ" ಅಂತ ಹೇಳ್ತದ, ಇನ್ನೊಂದು "ಜಾಸ್ತಿ ತಡ" ಅಂತ. ನಮ್ಮಲ್ಲೂ ಹಂಗೇ ಅನ್ನಿಸ್ತದ. "ಏನಂತಾರ ಅದಕ್ಕ" ಅಂದರೆ, ಪದ ಬಾಯಿಗೆ ಬಂದೈತಿ, ತಡೀರಿ ಅಂತ. "ನಾ ಹೇಳೋದು ಏನಂದ್ರ" ಅಂದರೆ, ಈಗ ದೊಡ್ಡ ಮಾತು ಬರ್ತದ, ಕಿವಿ ಕೊಡ್ರಿ ಅಂತ. ಎರಡೂ ಕೇಳೋರಿಗೆ ಕೆಲಸಕ್ಕೆ ಬರ್ತಾವ. "ಏನಂದ್ರ" ಅನ್ನೋದಂತೂ ಕನ್ನಡಕ್ಕೆ ಒಂದು ವರ. ವಾಕ್ಯದ ಮೂಳೆ ಮೊದಲೇ ಇಟ್ಟು, ವಿಷಯ ಹುಡುಕೋಕೆ ಎರಡು ಸೆಕೆಂಡು ಕೊಡ್ತದ.

ಹಂಗಾಗಿ ನಾನು ಇಟ್ಟುಕೊಂಡ ನಿಯಮ ಸಣ್ಣದು. ತುಂಬುಪದ ಹೊಸ ವಿಚಾರದ ಬಾಗಿಲಲ್ಲಿ ಇರಲಿ, ವಿಚಾರದ ನಡುಮನೆಯಲ್ಲಿ ಬ್ಯಾಡ. "ಏನಂದ್ರ, ಆ ಬೇಲಿ ಇನ್ನೂ ಹಂಗೇ ಐತಿ" ಅಂದರೆ ಸರಿ. "ಆ ಬೇಲಿ ಅಂದ್ರೆ ಇನ್ನೂ ಅಂದ್ರೆ ಹಂಗೇ ಅಂದ್ರೆ ಐತಿ" ಅಂದರೆ ಕೇಳೋರು ಬೇಲಿ ಬಿಟ್ಟು "ಅಂದ್ರೆ" ಎಣಿಸೋಕೆ ಕೂಡ್ತಾರ. ಒಂದೇ ಪದ ಮೇಲಿಂದ ಮೇಲೆ ಬಂದರೆ ಅಷ್ಟೇ ರೋಗ. ಅದನ್ನ ಕಿತ್ತ ಜಾಗದಲ್ಲಿ ಬೇರೆ ಪದ ತುರುಕಬ್ಯಾಡ್ರಿ. ಬಾಯಿ ಮುಚ್ಚಿ ಒಂದು ಉಸಿರು ತಗೊಳ್ರಿ. ಮಾತಾಡೋರಿಗೆ ಆ ಒಂದು ಸೆಕೆಂಡು ಒಂದು ವರ್ಷ ಅನ್ನಿಸ್ತದ. ರೆಕಾರ್ಡಿಂಗ್ ಕೇಳಿದರೆ ಅದು ಇದ್ದದ್ದೇ ಗೊತ್ತಾಗೋದಿಲ್ಲ.

ಮೂರನೇದು, ತಿದ್ದಿಕೊಳ್ಳೋದು. ಇದೇ ಮುಖ್ಯ.

"ಎರಡು ತಾಸು... ಎರಡಲ್ಲ, ಹತ್ರ ಹತ್ರ ಮೂರು ತಾಸು." ಅಕ್ಕ ಎಷ್ಟು ಹಿಂದಕ್ಕೆ ಹೋದರು? ಒಂದೇ ಪದ. ಕಚೇರಿ ಸಭೆಯಲ್ಲಿ ಎಷ್ಟು ಹಿಂದಕ್ಕೆ ಹೋದರು? "ಸನ್ಮಾನ್ಯ ಅಧ್ಯಕ್ಷರೇ" ತನಕ. ಬಾಯಿಪಾಠ ಗುರುತಿಸೋಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಉರು ಹೊಡೆದವರು ಹಳಿ ತಪ್ಪಿದರೆ ಹಿಂದಿನ ಸ್ಟೇಷನ್‌ಗೆ ಹೋಗಿ ಬರ್ತಾರ. ಕಂಡದ್ದು ಹೇಳೋರು ತಪ್ಪಿದ ಜಾಗದಲ್ಲೇ ರಿಪೇರಿ ಮಾಡ್ತಾರ.

ಈ ರಿಪೇರಿಗೂ ಒಂದು ವ್ಯಾಕರಣ ಐತಿ. 1983ರಲ್ಲಿ ವಿಲ್ಲೆಮ್ ಲೆವೆಲ್ಟ್ ಅನ್ನೋ ನೆದರ್ಲೆಂಡಿನ ಭಾಷಾ ವಿಜ್ಞಾನಿ, ಜನ ತಾವೇ ತಿದ್ದಿಕೊಂಡು ಆಡಿದ ಮಾತುಗಳನ್ನ ಅಭ್ಯಾಸ ಮಾಡಿ ಒಂದು ಸೂತ್ರ ಕೊಟ್ಟರು. ತಪ್ಪಿದ ಮಾತು ಮತ್ತು ತಿದ್ದಿದ ಮಾತಿನ ನಡುವೆ "ಮತ್ತು" ಇಟ್ಟು ನೋಡಿದರೆ ವ್ಯಾಕರಣಕ್ಕೆ ಒಪ್ಪಬೇಕು, ಅಂಥಾ ತಿದ್ದುಪಡಿ ಸರಿಯಾಗಿ ಕೂಡ್ತದ ಅನ್ನೋದು ಅದರ ಸಾರ. ನಮ್ಮ ಭಾಷೆಗೆ ಹಚ್ಚಿ ನೋಡ್ರಿ. "ಲಿಂಗಸೂಗೂರಿಗೆ... ಅಲ್ಲ, ಮಸ್ಕಿಗೆ ಹೋಗಿದ್ವಿ." "ಲಿಂಗಸೂಗೂರಿಗೆ ಮತ್ತು ಮಸ್ಕಿಗೆ" ಸರಿ ಐತಿ, ಹಂಗಾಗಿ ತಿದ್ದುಪಡಿನೂ ಸಲೀಸು. "ಲಿಂಗಸೂಗೂರಿಗೆ... ಅಲ್ಲ, ಮಸ್ಕಿ ಹೋಗಿದ್ವಿ" ಅಂದರೆ ಕಿವಿಗೆ ಎಡವಿದಂಗ. ಅಂದರೆ ಕನ್ನಡದಲ್ಲಿ ತಿದ್ದುವಾಗ ಪದ ಬದಲಿಸ್ರಿ, ಪ್ರತ್ಯಯ ಬಿಡಬ್ಯಾಡ್ರಿ. "ಇಗೆ" ಇದ್ದರೆ "ಇಗೆ", "ಅಲ್ಲಿ" ಇದ್ದರೆ "ಅಲ್ಲಿ". ಕ್ರಿಯಾಪದ ಹೆಂಗೂ ಕೊನೆಗೆ ಕಾಯ್ತಾ ಕೂತಿರ್ತದ, ಅದನ್ನ ಮುಟ್ಟೋ ಕೆಲಸ ಇಲ್ಲ.

ಒಂದು ಉದಾಹರಣೆ. ಮಸ್ಕಿಯ ಶಾಸನದ ಬಗ್ಗೆ ನಮ್ಮ ಹುಡುಗರು ಭಾಷಣ ಮಾಡ್ತಾರ. ಬರೀ ಬಿರುದಿನಲ್ಲಿದ್ದ ಅರಸನನ್ನ ಅಶೋಕ ಅಂತ ಹೆಸರಿನಿಂದ ಹೇಳಿದ ಶಾಸನ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ. ಒಬ್ಬ ಹುಡುಗ ವೇದಿಕೆ ಮೇಲೆ "1951ರಲ್ಲಿ" ಅಂದುಬಿಟ್ಟ ಅಂತ ಇಟ್ಕೊಳ್ರಿ. ಅವನ ಮುಂದೆ ಮೂರು ದಾರಿ ಅದಾವ. ತಿದ್ದದೇ ಮುಂದೆ ಹೋದರೆ ಗೊತ್ತಿದ್ದವರು ಆಮೇಲೆ ಒಂದು ಮಾತೂ ನಂಬೋದಿಲ್ಲ. "ಕ್ಷಮಿಸಬೇಕು, ದಯವಿಟ್ಟು ಕ್ಷಮಿಸಬೇಕು, ನಾನು ತಪ್ಪು ಹೇಳಿದೆ, 1915ನೇ ಇಸವಿಯಲ್ಲಿ ಮಸ್ಕಿಯಲ್ಲಿ ದೊರೆತ ಶಾಸನವು" ಅಂತ ಮೊದಲಿಂದ ಬಂದರೆ ಕ್ಷಮೆಯೇ ಭಾಷಣ ಆಗ್ತದ. ಮೂರನೇದು, "1951ರಲ್ಲಿ... ಅಲ್ಲ, 1915ರಲ್ಲಿ" ಅಂದು ಮುಂದೆ ಹೋಗೋದು. ಒಂದೂವರೆ ಸೆಕೆಂಡಿನ ಕೆಲಸ. ಮೂರನೇದರಲ್ಲಿ ಅವನಿಗೆ ವಿಷಯ ಗೊತ್ತೈತಿ ಅನ್ನೋದೂ ಸಾಬೀತು. ತಪ್ಪನ್ನ ತಾನೇ ಹಿಡಿಯೋನು ತನ್ನ ಮಾತನ್ನ ತಾನೇ ಕೇಳಿಸ್ಕೊಳ್ತಾ ಇರ್ತಾನ.

ಆದರೆ ಏನು ತಿದ್ದಬಾರದು ಅನ್ನೋದು ಇದಕ್ಕಿಂತ ಮುಖ್ಯ. ನಮ್ಮ ಮಕ್ಕಳು ವೇದಿಕೆ ಮೇಲೆ "ಸಂವಿದಾನ" ಅಂದು ತಕ್ಷಣ "ಸಂವಿಧಾನ" ಅಂತ ತಿದ್ದಿಕೊಳ್ತಾರ. "ಸಾಲೆ" ಅಂದು "ಶಾಲೆ" ಅಂತಾರ. "ಅಕ್ಕು" ಅಂದು "ಹಕ್ಕು" ಅಂತಾರ. ಶಾಲೆಯಲ್ಲಿ ಇದಕ್ಕಾಗಿ ನಗಿಸಿಕೊಂಡವರು ನಾವು. ಆ ನಗು ಇನ್ನೂ ನಮ್ಮ ಕಿವಿಯಲ್ಲಿ ಐತಿ, ಅದೇ ನಮ್ಮನ್ನ ನಡುವೆ ನಿಲ್ಲಿಸ್ತದ. ವಿಷಯ ತಪ್ಪಿದರೆ ತಿದ್ರಿ, ಉಚ್ಚಾರ ತಪ್ಪಿದರೆ ಬಿಡ್ರಿ. "ಅಕ್ಕು" ಅಂದರೂ ಅರ್ಥ ಆಗ್ತದ. ಅದನ್ನ ತಿದ್ದೋಕೆ ನಿಂತರೆ ಕೇಳೋರ ಗಮನ ಹಕ್ಕಿನಿಂದ ಹಕಾರಕ್ಕೆ ಹೋಗ್ತದ. ಹಂಗೆ ತಿದ್ದಿಕೊಳ್ಳೋದು ಅಪ್ಪಟ ಬಾಯಿಪಾಠದ ಲಕ್ಷಣನೂ ಹೌದು. ಕಾಗದದಲ್ಲಿ ಹೆಂಗಿತ್ತೋ ಹಂಗೆ ಅನ್ನೋಕೆ ಹೋಗ್ತಾರ ಅಂತ ತಿಳೀತದ.

ಈಗ, ಎರಡನೇ ಸಭೆಗೆ ನಾವು ಹೆಂಗ ತಯಾರಾದ್ವಿ ಅನ್ನೋದು.

ಕಾಗದ ಬರೀಲಿಲ್ಲ. ಅಕ್ಕನಿಗೆ ಐದು ಗೂಟ ಮಾತ್ರ: ಬುಧವಾರ, ಬೇಲಿ, ಮೂರು ತಾಸು, ಅರವತ್ತು ಮನಿ, ಸರ್ವೆ. ಈ ಐದೂ ಅಕ್ಕನ ಬಾಯಿಂದ ಬಂದವೇ, ನಾನು ಸೇರಿಸಿದ್ದು ಒಂದೂ ಇಲ್ಲ. ಉರು ಹೊಡೆದದ್ದು ಎರಡೇ ವಾಕ್ಯ, ಮೊದಲನೇದು ಮತ್ತು ಕೊನೇದು. ಮೊದಲನೇದು "ಸಾಹೇಬ್ರ, ನಮ್ಮ ಅತ್ತಿ ಹೆಣ ಹೊತ್ತು ನಾವು ಮೂರು ತಾಸು ಬೇಲಿ ಮುಂದ ನಿಂತಿವಿ." ಕೊನೇದು "ಜಾಗ ಸರ್ವೆ ಮಾಡಿಸಿ, ದಿನ ಹೇಳ್ರಿ." ಎದೆ ಹೆಚ್ಚು ಬಡಿಯೋದು ಶುರುವಿನಲ್ಲಿ, ಮಾತು ಜಾರಿ ಹೋಗೋದು ಕೊನೆಯಲ್ಲಿ. ಹಂಗಾಗಿ ಆ ಎರಡು ಕಡೆ ಮಾತ್ರ ಕಟ್ಟಿ ಹಾಕಿದ್ವಿ.

ಆಮೇಲೆ ಅಭ್ಯಾಸ. ಭಾಷೆ ಕಲಿಸೋ ಮೇಷ್ಟ್ರುಗಳ ಹತ್ರ ಒಂದು ಪದ್ಧತಿ ಐತಿ: ಒಂದೇ ವಿಷಯವನ್ನ ಬೇರೆ ಬೇರೆ ಮೂವರಿಗೆ ಹೇಳೋದು, ಮೊದಲು ನಾಲ್ಕು ನಿಮಿಷದಲ್ಲಿ, ಆಮೇಲೆ ಮೂರರಲ್ಲಿ, ಆಮೇಲೆ ಎರಡರಲ್ಲಿ. ಅಕ್ಕ ಮೊದಲು ಮಸ್ಕಿಯಲ್ಲಿ ತನ್ನ ತಂಗಿಗೆ ಹೇಳಿದರು. ಎರಡನೇ ಸಲ ಲಿಂಗಸೂಗೂರಿನಲ್ಲಿ ನಮ್ಮ ಸಂಗಾತಿಯ ಮನೆಯಲ್ಲಿ, ಈ ಸುದ್ದಿ ಗೊತ್ತೇ ಇಲ್ಲದ ಅವರ ತಾಯಿಗೆ. ಮೂರನೇ ಸಲ ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಗದ್ದಲದ ನಡುವೆ ನನಗೆ. ಕೇಳೋರು ಬದಲಾದ್ದರಿಂದ ಪ್ರತಿ ಸಲ ಮಾತೂ ಬದಲಾಯ್ತು. ಒಂದು ಸಲ ಬೇಲಿಯಿಂದ ಶುರುವಾಯ್ತು, ಒಂದು ಸಲ ಸಂತೆಯಿಂದ. ಬದಲಾಗದೇ ಉಳಿದದ್ದು ಐದು ಗೂಟ. ನಿಮಿಷ ಕಡಿಮೆ ಆದಂಗ "ಏನಂತಾರ" ಕಡಿಮೆ ಆದ್ವು, ಅಳಿಸಬೇಕಾದ ಕೆಲಸನೇ ಬರಲಿಲ್ಲ. ಪ್ರತಿ ಸಲ ಪದಕ್ಕೆ ಪದ ಒಂದೇ ಥರ ಬಂದಿದ್ದರೆ ನಾವು ನಿಲ್ಲಿಸಿಬಿಡ್ತಿದ್ವಿ, ಅದು ಮತ್ತೆ ಬಾಯಿಪಾಠ ಆಗೋಕೆ ಹೊಂಟೈತಿ ಅಂತರ್ಥ.

ಒಂದು ಕೆಲಸ ನಾವು ಮಾಡಲಿಲ್ಲ. ಬೇಕಂತಲೇ ತಪ್ಪು ಮಾಡಿ ತಿದ್ದಿಕೊಳ್ಳೋ ನಾಟಕ. ಕೆಲವರು "ಸಹಜ ಕೇಳಿಸಲಿ" ಅಂತ "ಆಂ... ಏನಪಾ" ಅಂತ ಉರು ಹೊಡೆದು ಬರ್ತಾರ. ಅದು ಪ್ರತಿ ಸಲ ಅದೇ ಜಾಗದಲ್ಲಿ ಬೀಳ್ತದ, ಎರಡು ಕಾರ್ಯಕ್ರಮ ನೋಡಿದವರಿಗೆ ಗೊತ್ತಾಗಿಬಿಡ್ತದ.

ಎರಡನೇ ಸಭೆಯಲ್ಲಿ ಅಕ್ಕ ಎರಡು ನಿಮಿಷದ ಮೇಲೆ ಸ್ವಲ್ಪ ಮಾತಾಡಿದರು. "ಅರವತ್ತು ಮನಿ" ಅನ್ನೋದರೊಳಗೆ ಒಬ್ಬರು ನಡುವೆ ಬಾಯಿ ಹಾಕಿ, "ದಾರಿ ಯಾರ ಹೊಲದಾಗ ಬರ್ತದ?" ಅಂತ ಕೇಳಿದರು. ಹಿಂದಿನ ಸಲ ಆಗಿದ್ದರೆ ಅಲ್ಲೇ ಮುಗೀತಿತ್ತು. ಈ ಸಲ ಅಕ್ಕ ಒಂದು ಕ್ಷಣ ಸುಮ್ಮನಾಗಿ, "ಎರಡು ಹೊಲ... ಅಲ್ರಿ, ಮೂರು ಹೊಲ ದಾಟಬೇಕು" ಅಂತ ಹೇಳಿ, "ಏನಂದ್ರ, ಅರವತ್ತು ಮನಿಗೆ ಅದೊಂದೇ ದಾರಿ" ಅಂತ ತನ್ನ ಗೂಟಕ್ಕೆ ವಾಪಸ್ ಬಂದರು. ಯಾರು ಬರೆದುಕೊಟ್ಟದ್ದು ಅಂತ ಯಾರೂ ಕೇಳಲಿಲ್ಲ. ಸರ್ವೆ ಮಾಡಿಸಬೇಕು ಅಂತ ನಡಾವಳಿಯಲ್ಲಿ ಒಂದು ಸಾಲು ಬಿತ್ತು. ಜಾಗ ಇನ್ನೂ ಸಿಕ್ಕಿಲ್ಲ, ಸುಳ್ಳು ಯಾಕ ಹೇಳಲಿ. ಮಾತು ಚೆಂದ ಆದ ಮಾತ್ರಕ್ಕೆ ಭೂಮಿ ಬರೋದಿಲ್ಲ. ಆದರೆ ನಡಾವಳಿಯಲ್ಲಿ ಸಾಲು ಬಿದ್ದರೆ ಅದರ ಬೆನ್ನು ಹತ್ತೋಕೆ ಆಗ್ತದ. ಗುಮಾಸ್ತ ಆಗಿ ಅದರ ಬೆಲೆ ನನಗೆ ಗೊತ್ತು.

ಕೆಲವು ಸಂಗಾತಿಗಳು ಕೇಳ್ತಾರ: "ಅಣ್ಣಾ, ಅವರು ತಡವರಿಸಿದ್ರ ಚಿಂತನೆ, ನಾವು ತಡವರಿಸಿದ್ರ ಅಜ್ಞಾನ. ಅದಕ್ಕೇ ಒಂದು ಅಕ್ಷರ ತಪ್ಪದಂಗ ಬಾಯಿಪಾಠ ಮಾಡಸ್ತೀವಿ." ಈ ಮಾತಿನ ಮೊದಲ ಅರ್ಧ ನೂರಕ್ಕೆ ನೂರು ಖರೆ. ಕೇಳೋ ಕಿವಿಗೂ ಜಾತಿ ಐತಿ. ಆದರೆ ಬಾಯಿಪಾಠ ಅದಕ್ಕೆ ಔಷಧ ಅಲ್ಲ. ತಡವರಿಸಿದರೆ "ಗೊತ್ತಿಲ್ಲ" ಅಂತಾರ, ಉರು ಹೊಡೆದರೆ "ಹೇಳಿಕೊಟ್ಟಾರ" ಅಂತಾರ. ಎರಡನೇದು ಇನ್ನೂ ಕೆಟ್ಟದ್ದು. ಮೊದಲನೇದು ನಮ್ಮ ಓದನ್ನ ಅನುಮಾನಿಸ್ತದ, ಎರಡನೇದು ನಮ್ಮ ಅನುಭವವನ್ನೇ ಅನುಮಾನಿಸ್ತದ.

ಬಾಬಾಸಾಹೇಬರನ್ನ ನೋಡ್ರಿ. 1946ರ ಡಿಸೆಂಬರ್ 17ರಂದು ಸಂವಿಧಾನ ಸಭೆಯಲ್ಲಿ ನೆಹರೂ ಮಂಡಿಸಿದ್ದ ಧ್ಯೇಯಗಳ ನಿರ್ಣಯದ ಚರ್ಚೆ ನಡೆದಿತ್ತು. ತಮಗಿಂತ ಮುಂಚೆ ಸುಮಾರು ಇಪ್ಪತ್ತು ಜನ ಇದ್ದಾರೆ, ತಮ್ಮ ಸರದಿ ಮರುದಿನ ಬರಬಹುದು ಅಂತ ಅವರು ಅಂದುಕೊಂಡಿದ್ದರು. ಅಧ್ಯಕ್ಷ ರಾಜೇಂದ್ರ ಪ್ರಸಾದರು ಅವತ್ತೇ ಕರೆದುಬಿಟ್ಟರು. ಬಾಬಾಸಾಹೇಬರು ಅದನ್ನ ಮುಚ್ಚಿಡಲಿಲ್ಲ. ಕರೆದದ್ದು ಆಶ್ಚರ್ಯ ಆಯ್ತು, ತಯಾರಿ ಇಲ್ಲದೆ ಬಂದಿದ್ದೀನಿ, ಸಮಯನೂ ಕಡಿಮೆ ಐತಿ ಅಂತ ಹೇಳಿಯೇ ಶುರು ಮಾಡಿದರು. ಆಮೇಲೆ ಇಡೀ ಸಭೆ ಕಿವಿಗೊಟ್ಟು ಕೇಳೋ ಹಂಗ ಮಾತಾಡಿದರು. ಅವರ ಹತ್ರ ಆ ದಿನ ತಯಾರಾದ ವಾಕ್ಯ ಇರಲಿಲ್ಲ, ತಯಾರಾದ ವಿಷಯ ಇತ್ತು. ನಾವು ನಮ್ಮ ಮಕ್ಕಳಿಗೆ ಅವರ ಮಾತುಗಳನ್ನ ಬಾಯಿಪಾಠ ಮಾಡಿಸ್ತೀವಿ, ಅವರು ಮಾತಾಡಿದ ಈ ರೀತಿಯನ್ನ ಕಲಿಸೋದಿಲ್ಲ.

ಬಾಯಿಪಾಠ ಬ್ಯಾಡವೇ ಬ್ಯಾಡ ಅಂತ ನಾ ಅನ್ನೋದಿಲ್ಲ. ಸಂವಿಧಾನ ಪೀಠಿಕೆ, ಘೋಷಣೆ, ಹೋರಾಟದ ಹಾಡು ಬಾಯಿಪಾಠವೇ ಇರಬೇಕು, ಅವು ಎಲ್ಲರೂ ಒಟ್ಟಿಗೆ ಹೇಳೋ ಮಾತು. ಉಗ್ಗು ಇರೋರಿಗೆ ಈ ಬರಹದ ಯಾವ ಮಾತೂ ಹಚ್ಚಬ್ಯಾಡ್ರಿ, ಅದು ಬೇರೆ, ಅವರು ಅವರ ವೇಗದಲ್ಲಿ ಮಾತಾಡಲಿ, ಕೇಳೋರು ಕಾಯಲಿ. ಇನ್ನೊಂದು ಎಚ್ಚರಿಕೆ: ದೌರ್ಜನ್ಯ ಕೇಸಿನಲ್ಲಿ ಕೋರ್ಟಿಗೆ ಹೋಗೋ ಸಾಕ್ಷಿಗೆ ಇಂಥಾ ಅಭ್ಯಾಸನೂ ಮಾಡಿಸಬ್ಯಾಡ್ರಿ. "ಹೇಳಿಕೊಟ್ಟ ಸಾಕ್ಷಿ" ಅಂತ ತೋರಿಸೋಕೆ ಎದುರು ವಕೀಲರು ಕಾಯ್ತಾ ಇರ್ತಾರ. ಅಲ್ಲಿ ಕಂಡದ್ದು ಕಂಡಂಗ, ಮರೆತದ್ದು ಮರೆತೆ ಅಂತ ಹೇಳೋದೊಂದೇ ದಾರಿ.

ಬರೋ ನವೆಂಬರ್ 26ಕ್ಕೆ ಸಂವಿಧಾನ ದಿನ. ಪ್ರತಿ ವರ್ಷದಂಗ ಭಾಷಣ ಬರೆದುಕೊಡ್ರಿ ಅಂತ ಹುಡುಗರು ನನ್ನ ಹತ್ರ ಬರ್ತಾರ. ಈ ಸಲ ನಾ ಬರೆದುಕೊಡೋದಿಲ್ಲ. ಐದು ಗೂಟ ಕೇಳ್ತೀನಿ, ಮೂವರಿಗೆ ಹೇಳಿ ಬರ್ರಿ ಅಂತೀನಿ. ಸಿಂಧನೂರು, ಮಸ್ಕಿ, ಲಿಂಗಸೂಗೂರಿನ ಸಂಗಾತಿಗಳೂ ಹಂಗೇ ಮಾಡಿದರೆ ಒಳ್ಳೇದು. ನಂಬಿಕೆ ಬರದಿದ್ದರೆ ಮೊದಲು ನಿಮ್ಮದೇ ಹಳೇ ವಿಡಿಯೋ ಒಂದು ಹಾಕ್ಕೊಂಡು "ಬಂಧುಗಳೇ" ಎಷ್ಟು ಸಲ ಬಂದೈತಿ ಎಣಿಸ್ರಿ. 31ಕ್ಕಿಂತ ಜಾಸ್ತಿ ಬಂದರೆ ಕಾಮೆಂಟ್‌ನಲ್ಲಿ ತಿಳಿಸ್ರಿ, ನನಗೂ ಸಮಾಧಾನ ಆಗ್ತದ.

ಜೈ ಭೀಮ್.